ಬಣ್ಣಕ್ಕೆ ಬ್ಯಾಡಗಿ, ಖಾರಕ್ಕೆ ಗುಂಟೂರು

‘ಎಂಟು ಒಣಮೆಣಸಿನಕಾಯಿ’ ಎಂದಷ್ಟೇ ಬರೆದ ಅಡುಗೆ ಪುಸ್ತಕವನ್ನು ನಂಬಬೇಡಿ. ಯಾವ ಮೆಣಸಿನಕಾಯಿ ಎಂದು ಹೇಳದೆ ಲೆಕ್ಕ ಕೊಟ್ಟರೆ ಪ್ರಯೋಜನವಿಲ್ಲ. ಎಂಟು ಬ್ಯಾಡಗಿ ಹಾಕಿದ ಹುಳಿಯನ್ನು ಮನೆಮಂದಿಯೆಲ್ಲ ಉಣ್ಣಬಹುದು. ಎಂಟು ಗುಂಟೂರು ಹಾಕಿದರೆ ಮಕ್ಕಳು ತಟ್ಟೆ ಬಿಟ್ಟು ಏಳುತ್ತಾರೆ.

ಬ್ಯಾಡಗಿಯ ಸಿಪ್ಪೆ ಸುಕ್ಕುಸುಕ್ಕು, ಬಣ್ಣ ಕಡುಗೆಂಪು, ಬೀಜ ಕಡಿಮೆ, ಖಾರವೂ ಕಡಿಮೆ. ಗುಂಟೂರಿನ ಸಿಪ್ಪೆ ನುಣುಪು, ಖಾರ ಹೆಚ್ಚು. ಆದರೆ ಈಗ ಬ್ಯಾಡಗಿಯಂತೆಯೇ ಕಾಣುವ ಬೇರೆ ತಳಿಗಳೂ ಅಂಗಡಿಗೆ ಬರುತ್ತವೆ. ಹಾಗಾಗಿ ಹೊಸದಾಗಿ ತಂದ ಕಾಯಿಯಲ್ಲಿ ಒಂದನ್ನು ಮುರಿದು, ಒಳಗಿನ ಬಿಳಿ ತಿರುಳಿನ ಚೂರನ್ನು ನಾಲಿಗೆಗೆ ತಾಗಿಸಿ ನೋಡಿ. ಖಾರ ಇರುವುದು ಮುಖ್ಯವಾಗಿ ಆ ತಿರುಳಿನಲ್ಲೇ. ಬೀಜಕ್ಕೆ ಅದು ಅಂಟಿಕೊಂಡಿರುತ್ತದೆ, ಅಷ್ಟೇ. ಬೀಜ ಉದುರಿಸಿ ತಿರುಳು ಬಿಟ್ಟರೆ ಖಾರ ಹೆಚ್ಚೇನೂ ಇಳಿಯದು.

ಮನೆಯಲ್ಲಿ ಐದು ವರ್ಷದ ಮಗು, ವಯಸ್ಸಾದ ಅಜ್ಜಿ, ಜೊತೆಗೆ ಖಾರಕ್ಕೆ ಒಗ್ಗಿದ ವಿಜಯಪುರದ ನೆಂಟರು ಇದ್ದಾರೆ ಎನ್ನಿ. ಒಂದು ಲೋಟ ತೊಗರಿಬೇಳೆಯ ಹುಳಿಗೆ ದಿನವೂ ಐದು ಬ್ಯಾಡಗಿ, ಮೂರು ಗುಂಟೂರು ಹುರಿದು ರುಬ್ಬುವ ವಾಡಿಕೆ. ಅಂದು ಮಾತ್ರ ರುಬ್ಬುವುದಕ್ಕೆ ಆರೇಳು ಬ್ಯಾಡಗಿ ಸಾಕು, ಗುಂಟೂರು ಬೇಡ. ಬ್ಯಾಡಗಿಯನ್ನು ಬಿಸಿನೀರಲ್ಲಿ ನೆನೆಸಿ ರುಬ್ಬಿದರೆ ಮಸಾಲೆ ನುಣ್ಣಗಾಗಿ ಬಣ್ಣ ಚೆನ್ನಾಗಿ ಬಿಡುತ್ತದೆ. ಹುಳಿ ಕುದಿದ ಮೇಲೆ ಮಗುವಿನ ಮತ್ತು ಅಜ್ಜಿಯ ಪಾಲನ್ನು ಬೇರೆ ಪಾತ್ರೆಗೆ ತೆಗೆದಿಡಿ. ಉಳಿದದ್ದಕ್ಕೆ ಮೂರು ಗುಂಟೂರನ್ನು ಮುರಿದು ಎಣ್ಣೆಯಲ್ಲಿ ಒಗ್ಗರಣೆ ಕೊಡಿ. ಖಾರದ ಅಂಶ ನೀರಿಗಿಂತ ಎಣ್ಣೆಯಲ್ಲಿ ಬೇಗ ಕರಗುವುದರಿಂದ ಮುರಿದ ಕಾಯಿಯ ಖಾರ ಹುಳಿಗೆಲ್ಲ ಹರಡುತ್ತದೆ. ಇಡಿಯಾಗಿ ಹಾಕಿದರೆ ಘಮ ಬರುತ್ತದೆ, ಖಾರ ಅಷ್ಟಾಗಿ ಇಳಿಯದು.

ಅಜ್ಜಿಯ ಪಾಲಿನ ಬಗ್ಗೆ ಒಂದು ಮಾತು. ವಯಸ್ಸಾದಂತೆ ಮೂಗು, ನಾಲಿಗೆ ಎರಡೂ ಮಂದವಾಗುತ್ತವೆ. ‘ಸಪ್ಪೆ ಕಣಮ್ಮಾ’ ಎಂದು ಅವರು ಖಾರ ಕೇಳಿದರೂ ಹೊಟ್ಟೆ ತಡೆಯದೆ ರಾತ್ರಿ ಎದೆಯುರಿ ಬರಬಹುದು. ಅವರಿಗೆ ಬೇಕಾದದ್ದು ಖಾರವಲ್ಲ, ಪರಿಮಳ. ತುಪ್ಪದಲ್ಲಿ ಇಂಗು, ಕರಿಬೇವಿನ ಒಗ್ಗರಣೆ ಕೊಟ್ಟು, ಮೇಲೆ ಕೊತ್ತಂಬರಿ ಸೊಪ್ಪು ಉದುರಿಸಿ. ಮಗುವಿಗೂ ಅದೇ ನಡೆಯುತ್ತದೆ.

ರುಚಿ ನೋಡುವಾಗಲೂ ಎಚ್ಚರ ಬೇಕು. ಖಾರ ತಕ್ಷಣ ತಿಳಿಯದು, ನಿಧಾನಕ್ಕೆ ಏರುತ್ತದೆ. ಮತ್ತೆ ಮತ್ತೆ ರುಚಿ ನೋಡಿದ ಅಡುಗೆಯವರ ನಾಲಿಗೆ ಅದಕ್ಕೆ ಒಗ್ಗಿಹೋಗಿರುತ್ತದೆ. ಹಾಗಾಗಿ ಕೊನೆಯ ಚಮಚೆಯನ್ನು ಮನೆಯಲ್ಲಿ ಖಾರ ಕಡಿಮೆ ತಿನ್ನುವವರ ಕೈಗೆ ಕೊಡಿ. ಹೆಚ್ಚಾಯಿತು ಎಂದರೆ ಬೇಯಿಸಿದ ಬೇಳೆ, ರುಬ್ಬಿದ ಕಾಯಿತುರಿ ಸೇರಿಸಿ. ಬೆಲ್ಲ ಖಾರವನ್ನು ಮರೆಸುತ್ತದೆಯೇ ಹೊರತು ತೆಗೆಯದು. ಬಾಯಿ ಉರಿದ ಮಗುವಿಗೆ ನೀರು ಕುಡಿಸಿ ಪ್ರಯೋಜನವಿಲ್ಲ. ಹಾಲು ಅಥವಾ ಮೊಸರು ಕೊಡಿ.