ಹಳೆಯ ಶಿಖರ ದಾಟಿತು, ಇನ್ನೆಲ್ಲಿಯವರೆಗೆ?

2022ರ ನವೆಂಬರ್ 4ರಂದು ನಿಫ್ಟಿ ಸೂಚ್ಯಂಕ 18,117ರಲ್ಲಿ ದಿನ ಮುಗಿಸಿತು. ಸೆಪ್ಟೆಂಬರ್ 15ರಂದು ಅದು 18,096ನ್ನು ಮುಟ್ಟಿ ಹಿಂದೆ ಸರಿದಿತ್ತು. ಆ ಗಡಿಯನ್ನು ಈಗ ಕೂದಲೆಳೆಯಷ್ಟು ಅಂತರದಲ್ಲಿ ದಾಟಿತ್ತು. ಚಾರ್ಟ್ ನೋಡಿ ವ್ಯವಹಾರ ಮಾಡುವವರಿಗೆ ಇದು ಕೊಳ್ಳುವ ಹೊತ್ತು. ಕೊಳ್ಳಲು ಕಾರಣ ಕಣ್ಣೆದುರೇ ಇತ್ತು. ಮಾರುವುದು ಎಲ್ಲಿ ಎಂಬುದಕ್ಕೆ ಮಾತ್ರ ಚಾರ್ಟಿನಲ್ಲಿ ನೇರ ಉತ್ತರ ಇರಲಿಲ್ಲ, ಏಕೆಂದರೆ ಬೆಲೆ ಹಿಂದಿನ ಸ್ವಿಂಗಿನ ತುದಿಯನ್ನು ಬಿಟ್ಟು ಮೇಲೆ ಹೊರಟಿತ್ತು.

ಇಂಥ ಜಾಗದಲ್ಲಿ ಕೈಗೆ ಬರುವ ಉಪಕರಣ ಫಿಬೊನಾಚಿ ಎಕ್ಸ್‌ಟೆನ್ಷನ್. ಹೆಸರು ದೊಡ್ಡದು, ಲೆಕ್ಕ ಪುಟ್ಟದು. ಸೆಪ್ಟೆಂಬರಿನ 18,096ರಿಂದ ಅದೇ ತಿಂಗಳ 30ರ ಹೊತ್ತಿಗೆ ನಿಫ್ಟಿ 16,748ರವರೆಗೆ ಇಳಿದಿತ್ತು. ಅಂದರೆ ಇಳಿತ 1,348 ಅಂಶ. ತಳದಿಂದ ಅಷ್ಟೇ ಏರಿದರೆ ಹಳೆಯ ಶಿಖರ. ಆ 1,348ರ 1.272 ಪಟ್ಟು ಏರಿದರೆ 18,463, 1.618 ಪಟ್ಟು ಏರಿದರೆ 18,929. ಹಿಂದಿನ ಸ್ವಿಂಗನ್ನೇ ಅಳತೆಗೋಲು ಮಾಡಿಕೊಂಡು ಮುಂದಿನ ದಾರಿಯನ್ನು ಅಳೆಯುವುದು, ಇಷ್ಟೇ.

ಇನ್ನೊಂದು ಬಗೆಯೂ ಉಂಟು. ಇಳಿತದ ಬದಲು ಅದಕ್ಕೂ ಹಿಂದಿನ ಏರಿಕೆಯನ್ನು ಅಳೆಯುತ್ತಾರೆ. 2022ರ ಜೂನ್ 17ರ ತಳ 15,183. ಅಲ್ಲಿಂದ ಸೆಪ್ಟೆಂಬರ್ ಶಿಖರದವರೆಗಿನ ಏರಿಕೆ ಸುಮಾರು 2,913 ಅಂಶ. ಅದನ್ನು ಸೆಪ್ಟೆಂಬರ್ 30ರ ತಳದ ಮೇಲೆ ಇಟ್ಟರೆ, 0.618 ಪಾಲಿಗೆ 18,548 ಬರುತ್ತದೆ, ಪೂರ್ತಿ ಪಾಲಿಗೆ ಸುಮಾರು 19,660. ಚಾರ್ಟ್ ತಂತ್ರಾಂಶಗಳಲ್ಲಿ ಈ ಎರಡಕ್ಕೂ ಬೇರೆ ಬೇರೆ ಗುಂಡಿಗಳಿವೆ. ಎರಡು ಬಿಂದು ಕೇಳುವುದು ಮೊದಲನೆಯದು, ಮೂರು ಬಿಂದು ಕೇಳುವುದು ಎರಡನೆಯದು. ಇವೆರಡನ್ನು ಕಲಸಿಕೊಂಡು, ಒಂದರ ಅಂಕಿಯನ್ನು ಇನ್ನೊಂದರದೆಂದು ತಿಳಿಯುವವರು ಬಹಳ.

ಈ 1.618 ಎಲ್ಲಿಂದ ಬಂತು? 1, 2, 3, 5, 8, 13 ಎಂಬ ಸಾಲಿನಲ್ಲಿ ಪ್ರತಿ ಸಂಖ್ಯೆಯೂ ಹಿಂದಿನ ಎರಡರ ಮೊತ್ತ; ಮುಂದೆ ಹೋದಂತೆ ಅಕ್ಕಪಕ್ಕದ ಸಂಖ್ಯೆಗಳ ಅನುಪಾತ 1.618ರ ಹತ್ತಿರ ನಿಲ್ಲುತ್ತದೆ. 1.272 ಅದರ ವರ್ಗಮೂಲ. ಇಟಲಿಯ ಪೀಸಾ ಊರಿನ ಲಿಯೊನಾರ್ಡೊ ಈ ಸಾಲನ್ನು 1202ರ ತನ್ನ ಪುಸ್ತಕದಲ್ಲಿ ಬರೆದ. ಆದರೆ ಗುಜರಾತಿನ ಜೈನ ವಿದ್ವಾಂಸ ಹೇಮಚಂದ್ರ ಅದಕ್ಕೂ ಸುಮಾರು 50 ವರ್ಷ ಮೊದಲೇ ಇದೇ ಸಾಲನ್ನು ಛಂದಸ್ಸಿನಲ್ಲಿ ಕಂಡಿದ್ದ: ಲಘುವಿಗೆ ಒಂದು ಮಾತ್ರೆ, ಗುರುವಿಗೆ ಎರಡು ಎಂದಿಟ್ಟರೆ, ಐದು ಮಾತ್ರೆಯ ಗಣವನ್ನು ಎಂಟು ಬಗೆಯಲ್ಲಿ ಕಟ್ಟಬಹುದು. ಪ್ರಸ್ತಾರ ಹಾಕಿ ಅಭ್ಯಾಸವಿದ್ದವರು ಬೇಕಾದರೆ ಎಣಿಸಿ ನೋಡಬಹುದು.

ಸಾಲು ಸುಂದರ, ಸರಿ. ಷೇರುಪೇಟೆ ಅದನ್ನು ಪಾಲಿಸುತ್ತದೆಯೇ? ಲಂಡನ್ನಿನ ರಾಯ್ ಬ್ಯಾಚಲರ್ ಮತ್ತು ರಿಚರ್ಡ್ ರಮ್ಯಾರ್ 2006ರಲ್ಲಿ ಅಮೆರಿಕದ ಡೌ ಜೋನ್ಸ್ ಸೂಚ್ಯಂಕದ ಹಲವು ದಶಕಗಳ ಏರಿಳಿತವನ್ನು ಜರಡಿ ಹಿಡಿದರು. ಆಕಸ್ಮಿಕವಾಗಿ ಬರಬಹುದಾದುದಕ್ಕಿಂತ ಹೆಚ್ಚಾಗಿ ಈ ಅನುಪಾತಗಳು ಅಲ್ಲಿ ಕಾಣಿಸಿಕೊಳ್ಳಲಿಲ್ಲ ಎಂಬುದು ಅವರ ತೀರ್ಮಾನ. ಆದ್ದರಿಂದ 18,929 ಎಂಬ ಗೆರೆ ಒಂದು ಊಹೆ ಮಾತ್ರ. ಅದಕ್ಕೆ ತೂಕ ಬರಬೇಕಾದರೆ ಬೇರೆ ಸಾಕ್ಷಿ ಬೇಕು.

ಆ ಸಾಕ್ಷಿಯೇ ಪ್ರತಿರೋಧ ಮಟ್ಟ, ಪೇಟೆಯ ಮಾತಿನಲ್ಲಿ ರೆಸಿಸ್ಟೆನ್ಸ್. ಅನುಪಾತ ಗಣಿತದ್ದು; ಪ್ರತಿರೋಧದ ಹಿಂದೆ ಮನುಷ್ಯರಿದ್ದಾರೆ. 2021ರ ಅಕ್ಟೋಬರ್ 19ರಂದು ನಿಫ್ಟಿ 18,604ನ್ನು ಮುಟ್ಟಿ ಇಳಿಯಿತು, ಮುಂದಿನ ಜೂನ್ ಹೊತ್ತಿಗೆ 3,400 ಅಂಶಗಳಷ್ಟು ಕೆಳಗಿತ್ತು. ಆ ಅಕ್ಟೋಬರಿನಲ್ಲಿ ಮೇಲೆ ಕೊಂಡು ಸಿಕ್ಕಿಬಿದ್ದವರು, ಅಸಲು ಬಂದರೆ ಸಾಕೆಂದು ಕಾಯುತ್ತಿರುತ್ತಾರೆ. ಬೆಲೆ ಮತ್ತೆ ಅಲ್ಲಿಗೆ ಬಂದಾಗ ಅವರ ಮಾರಾಟದ ಆರ್ಡರುಗಳು ಎದ್ದು ನಿಲ್ಲುತ್ತವೆ. ದುಂಡು ಸಂಖ್ಯೆಗಳ ಬಳಿಯೂ ಹೀಗೆಯೇ. ಅಮೆರಿಕದ ಅರ್ಥಶಾಸ್ತ್ರಜ್ಞೆ ಕ್ಯಾರಲ್ ಆಸ್ಲರ್ ವಿದೇಶಿ ವಿನಿಮಯ ಪೇಟೆಯ ನಿಜವಾದ ಆರ್ಡರುಗಳನ್ನು ಪರಿಶೀಲಿಸಿ 2003ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಲಾಭ ಪಡೆಯುವ ಆರ್ಡರುಗಳು ದುಂಡು ಸಂಖ್ಯೆಗಳ ಮೇಲೆಯೇ ಗುಂಪುಗೂಡುತ್ತವೆ ಎಂದು ತೋರಿಸಿದರು. ನಿಫ್ಟಿ ಬೇರೆ ಪೇಟೆ, ನಿಜ; ಆದರೆ ಸೊನ್ನೆಗಳ ಮೇಲಿನ ಮೋಹ ಎಲ್ಲ ಊರಿನದೂ ಒಂದೇ.

ಈಗ ನವೆಂಬರ್ 4ರ ಚಾರ್ಟಿಗೆ ಮರಳಬಹುದು. 2021ರ ಅಕ್ಟೋಬರಿನಲ್ಲಿ ದಿನದ ನಡುವೆ ಮುಟ್ಟಿದ ಗರಿಷ್ಠ 18,604. ದಿನದ ಮುಕ್ತಾಯದ ಗರಿಷ್ಠ 18,477. ಹಾಗಾಗಿ ಪ್ರತಿರೋಧ ಒಂದು ಗೆರೆಯಾಗಿರದೆ ಸುಮಾರು 130 ಅಂಶಗಳ ಪಟ್ಟಿಯಾಗಿತ್ತು. ಮೇಲಿನ ಲೆಕ್ಕದ 18,463 ಆ ಪಟ್ಟಿಯ ಬಾಗಿಲಲ್ಲೇ ನಿಂತಿತ್ತು, 18,548 ಪಟ್ಟಿಯ ಒಳಗಿತ್ತು. ಎರಡು ಬೇರೆ ಅಳತೆಗಳು ಮತ್ತು ಒಂದು ಹಳೆಯ ಶಿಖರ ಒಂದೇ ಕಡೆ ಕೂಡಿದ್ದವು. 18,929 ಮಾತ್ರ ಗೋಡೆಯ ಆಚೆ ಒಂಟಿಯಾಗಿತ್ತು.

ಬಹುತೇಕ ಲೆಕ್ಕಾಚಾರ ಕೆಡುವುದು ಇಲ್ಲಿಯೇ. 18,120ರ ಆಸುಪಾಸಿನಲ್ಲಿ ಕೊಂಡು 17,900ಕ್ಕೆ ಸ್ಟಾಪ್‌ಲಾಸ್ ಇಟ್ಟವರು ಪಣಕ್ಕಿಟ್ಟದ್ದು 220 ಅಂಶ. 18,929ನ್ನು ಗುರಿಯಾಗಿಟ್ಟರೆ ಸಿಗಬಹುದಾದದ್ದು 809, ಪಣದ ಮೂರೂವರೆ ಪಟ್ಟಿಗಿಂತ ಹೆಚ್ಚು. ಕಾಗದದ ಮೇಲೆ ಬಲು ಚೆಂದ. ಆದರೆ ನಡುವೆ ಗೋಡೆ ಇರುವಾಗ ಲಾಭವನ್ನು ಗೋಡೆಯವರೆಗೆ ಮಾತ್ರ ಎಣಿಸಬೇಕು. ಪಟ್ಟಿ ಶುರುವಾಗುವ ಮುಂಚೆ, ಅಂದರೆ 18,450ಕ್ಕೆ ಗುರಿ ಇಟ್ಟರೆ ಸಿಗುವುದು 330, ಪಣದ ಒಂದೂವರೆ ಪಟ್ಟು. ಇದು ಸಾಲದು ಎನಿಸಿದರೆ ಕೊಳ್ಳದೇ ಇರುವುದು ಒಂದು ದಾರಿ. ಅರ್ಧವನ್ನು 18,450ಕ್ಕೆ ಮಾರಿ ಉಳಿದರ್ಧವನ್ನು ಗೋಡೆ ಒಡೆದರೆ ಮಾತ್ರ ಮುಂದಕ್ಕೆ ಒಯ್ಯುವುದು ಇನ್ನೊಂದು. ಗುರಿಯನ್ನು ದೂರ ಸರಿಸಿ ಅನುಪಾತವನ್ನು ಚೆಂದ ಮಾಡಿಕೊಳ್ಳುವುದು ಮಾತ್ರ ತನಗೆ ತಾನೇ ಹೇಳಿಕೊಳ್ಳುವ ಸುಳ್ಳು.

ಆಮೇಲೆ ನಡೆದದ್ದೇನು? ನವೆಂಬರ್ 16ರಂದು ಸೂಚ್ಯಂಕ 18,442ರವರೆಗೆ ಹೋಗಿ ತಿರುಗಿತು. ಐದು ದಿನದ ಬಳಿಕ 18,133ರವರೆಗೆ ಇಳಿಯಿತು, ಸ್ಟಾಪ್‌ಲಾಸ್ ತಾಕಲಿಲ್ಲ. 24ರಂದು 18,450 ಸಿಕ್ಕಿತು. ಅರ್ಧ ಕೈ ಬಿಟ್ಟವರ ಲಾಭ ಜೇಬಿಗೆ ಬಿತ್ತು. 28ರಂದು ನಿಫ್ಟಿ 18,614ಕ್ಕೆ ಹೋಗಿ ಹಳೆಯ ದಾಖಲೆ ಮುರಿಯಿತು, ಆದರೆ ದಿನ ಮುಗಿಸಿದ್ದು 18,563ರಲ್ಲಿ. ದಿನದ ನಡುವೆ ತಲೆ ಹೊರಹಾಕಿದ್ದನ್ನು ಗೋಡೆ ಒಡೆದದ್ದೆಂದು ಎಣಿಸಬಾರದು ಎನ್ನುವುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ಬೇಡ. ಮರುದಿನದ ಮುಕ್ತಾಯ 18,618, ಅದರ ಮರುದಿನ 18,758. ಗೋಡೆ ಒಡೆದದ್ದು ಆಗ ಖಾತರಿಯಾಯಿತು. ಉಳಿದರ್ಧಕ್ಕೆ ಈಗ 18,929 ನ್ಯಾಯವಾದ ಗುರಿ.

ಡಿಸೆಂಬರ್ 1ರಂದು ನಿಫ್ಟಿ 18,887.60 ಮುಟ್ಟಿತು. ಅಲ್ಲಿಗೆ ನಿಂತಿತು. 18,929ಕ್ಕೆ ಇನ್ನೂ ಸುಮಾರು 41 ಅಂಶ ಬಾಕಿ.

ಆರ್ಡರನ್ನು ನಿಖರವಾಗಿ 18,929ಕ್ಕೆ ಹಾಕಿಟ್ಟವರಿಗೆ ಏನೂ ಸಿಗಲಿಲ್ಲ. ಆ ಗೆರೆಯ ಕೆಳಗೆ 18,900 ಎಂಬ ದುಂಡು ಸಂಖ್ಯೆ ಇರುವುದನ್ನು ಗಮನಿಸಿ, ಅದಕ್ಕೂ ಸ್ವಲ್ಪ ಮೊದಲು ಬಲೆ ಒಡ್ಡಿದವರಿಗೆ ಮಾರಲು ಆಸ್ಪದವಿತ್ತು. ಘಟನೆ ನಡೆದ ಮೇಲೆ ಹೀಗೆ ಹೇಳುವುದು ಸುಲಭವೆಂಬ ಆಕ್ಷೇಪ ಸರಿಯೇ. ಅದಕ್ಕೆಂದೇ ಎರಡನೆಯ ಕಾವಲು ಬೇಕು. ದಾಟಿದ ಪ್ರತಿರೋಧ ಆಮೇಲೆ ಆಸರೆಯಾಗಬೇಕು. 18,604ರ ಕೆಳಗೆ ದಿನ ಮುಗಿದರೆ ಹೊರಬರುವುದೆಂದು ಮೊದಲೇ ನಿಶ್ಚಯಿಸಿದ್ದರೆ, ಡಿಸೆಂಬರ್ 7ರ 18,560ರ ಮುಕ್ತಾಯ ಆ ಸೂಚನೆ ಕೊಟ್ಟಿತು. ಆಗಲೂ ಸುಮಾರು 440 ಅಂಶಗಳ ಲಾಭ ಉಳಿಯುತ್ತಿತ್ತು, ಅಂದರೆ ಪಣದ ಎರಡರಷ್ಟು. ಡಿಸೆಂಬರ್ 23ಕ್ಕೆ ನಿಫ್ಟಿ 17,807ರಲ್ಲಿತ್ತು, ಕೊಂಡ ಬೆಲೆಗಿಂತಲೂ, ಮೊದಲ ಸ್ಟಾಪ್‌ಲಾಸಿಗಿಂತಲೂ ಕೆಳಗೆ.

ತಲೆಯ ಮೇಲೆ ಹಳೆಯ ಶಿಖರವೇ ಇಲ್ಲದಾಗ ಏನು ಮಾಡುವುದು? 2020ರ ಕೊನೆಯಲ್ಲಿ ಹಾಗಾಯಿತು. ಆ ವರ್ಷದ ಜನವರಿಯ 12,430 ಮತ್ತು ಮಾರ್ಚಿನ 7,511ನ್ನು ಹಿಡಿದು ಅಳೆದರೆ 1.272ರ ಗೆರೆ 13,769ರಲ್ಲಿ ಬೀಳುತ್ತದೆ. ಡಿಸೆಂಬರ್ 18ರಂದು ಸೂಚ್ಯಂಕ 13,760ರಲ್ಲಿ ಮುಗಿಯಿತು, ಮುಂದಿನ ವ್ಯವಹಾರದ ದಿನವಾದ 21ರಂದು 432 ಅಂಶ ಕುಸಿಯಿತು. ಗೆರೆಯ ಭಕ್ತರು ಇದನ್ನು ಪವಾಡದಂತೆ ತೋರಿಸುತ್ತಾರೆ. ಆ ದಿನದ ಸುದ್ದಿ ಬ್ರಿಟನ್ನಿನಲ್ಲಿ ಹಬ್ಬುತ್ತಿದ್ದ ಕೊರೊನಾದ ಹೊಸ ತಳಿಯದಾಗಿತ್ತು ಎಂಬುದನ್ನು ಮರೆಯುತ್ತಾರೆ. ಕುಸಿತವೂ ಹೆಚ್ಚು ದಿನ ಬಾಳಲಿಲ್ಲ. ಎರಡೇ ತಿಂಗಳಲ್ಲಿ ನಿಫ್ಟಿ 15,400 ದಾಟಿತ್ತು. ತಾಳೆ ನೋಡಲು ಮೇಲೆ ಹಳೆಯ ಬೆಲೆ ಇಲ್ಲದಿದ್ದಾಗ, ಗುರಿಗಿಂತ ಕೆಳಗಿನ ಆಸರೆಯ ಮೇಲೆ ಕಣ್ಣಿಡುವುದು ಹೆಚ್ಚು ಉಪಯೋಗಕ್ಕೆ ಬರುತ್ತದೆ.

ಇನ್ನೊಂದು ಬಲೆ, ಸ್ವಿಂಗನ್ನು ಆಯ್ದುಕೊಳ್ಳುವ ಕೈ. ಜೂನ್ ತಳ ಹಿಡಿದರೆ ಒಂದು ಅಂಕಿ, ಸೆಪ್ಟೆಂಬರ್ ತಳ ಹಿಡಿದರೆ ಮತ್ತೊಂದು. ನಾಲ್ಕು ಸ್ವಿಂಗುಗಳಿಂದ ಐದೈದು ಅನುಪಾತ ಎಳೆದರೆ ಚಾರ್ಟಿನಲ್ಲಿ 20 ಗೆರೆಗಳು. ಬೆಲೆ ಎಲ್ಲಿ ತಿರುಗಿದರೂ ಒಂದು ಗೆರೆಯ ಹತ್ತಿರವೇ ತಿರುಗಿರುತ್ತದೆ. ಹಾಗಾಗಿ ಕ್ರಮವೂ ಮುಖ್ಯ: ಮೊದಲು ಖಾಲಿ ಚಾರ್ಟಿನಲ್ಲಿ ಹಳೆಯ ಶಿಖರಗಳನ್ನೂ ದುಂಡು ಸಂಖ್ಯೆಗಳನ್ನೂ ಗುರುತು ಹಾಕಿ, ಆಮೇಲೆ ಒಂದೆರಡು ಅನುಪಾತ ಎಳೆಯಬೇಕು. ತಿರುಗಿಸಿ ಮಾಡಿದರೆ, ಎಳೆದ ಗೆರೆಗೆ ತಕ್ಕ ಪ್ರತಿರೋಧವನ್ನು ಕಣ್ಣು ತಾನೇ ಹುಡುಕಿಕೊಡುತ್ತದೆ.

ಕೊನೆಗೆ ಉಳಿದ ಆ 19,660ರ ಗುರಿ. ಎಕ್ಸ್‌ಟೆನ್ಷನ್ ಗೆರೆ ಬೆಲೆ ಹೇಳುತ್ತದೆ, ದಿನಾಂಕ ಹೇಳುವುದಿಲ್ಲ. ಡಿಸೆಂಬರಿನಲ್ಲಿ ತಿರುಗಿದ ನಿಫ್ಟಿ 2023ರ ಮಾರ್ಚ್ 20ರಂದು 16,828ಕ್ಕೆ ಬಂತು, ಅಳತೆ ಶುರುವಾದ ತಳಕ್ಕಿಂತ 80 ಅಂಶ ಮಾತ್ರ ಮೇಲೆ. 19,660ರ ಮೇಲೆ ಅದು ದಿನ ಮುಗಿಸಿದ್ದು ಆ ವರ್ಷದ ಜುಲೈ 17ರಂದು, ನವೆಂಬರಿನಲ್ಲಿ ಕೊಂಡವರ ಸ್ಟಾಪ್‌ಲಾಸ್ ಮುರಿದು ಸುಮಾರು ಏಳು ತಿಂಗಳಾದ ಮೇಲೆ.