ಲೋಡಿನ ಬೆಲೆ, ಸಾವಿರ ಲೀಟರಿನ ಬೆಲೆ

ಬೆಂಗಳೂರಿನಲ್ಲಿ ಟ್ಯಾಂಕರ್ ನೀರಿನ ದರವನ್ನು ಲೋಡಿನ ಲೆಕ್ಕದಲ್ಲಿ ಹೇಳುವುದು ರೂಢಿ. ಆದರೆ ಒಂದು ಲೋಡ್ 6,000 ಲೀಟರಿನದೂ ಆಗಬಹುದು, ಅದರ ಎರಡರಷ್ಟೂ ಆಗಬಹುದು. ಹತ್ತಿರದ ಕೊಳವೆಬಾವಿಯಿಂದ ಬಂದಿರಬಹುದು, ಊರಾಚೆಯಿಂದಲೂ ಬಂದಿರಬಹುದು. ಹೀಗಾಗಿ ಎರಡು ಲೋಡುಗಳ ಬೆಲೆಯನ್ನು ಹೋಲಿಸಬೇಕಾದರೆ ಮೊದಲು ಎರಡನ್ನೂ ಒಂದೇ ಅಳತೆಗೆ, ಅಂದರೆ ಸಂಪಿಗೆ ಬಂದು ಬಿದ್ದ ಸಾವಿರ ಲೀಟರಿಗೆ ಎಷ್ಟು ರೂಪಾಯಿ ಎಂಬ ಲೆಕ್ಕಕ್ಕೆ, ತರಬೇಕಾಗುತ್ತದೆ.

ಈ ಹೋಲಿಕೆಗೆ 2024ರ ಬೇಸಿಗೆ ಒಳ್ಳೆಯ ಆಧಾರವನ್ನು ಒದಗಿಸುತ್ತದೆ. ಹಿಂದಿನ ವರ್ಷದ ಮುಂಗಾರು ಕೈಕೊಟ್ಟು, ನಗರದ ಸಾವಿರಾರು ಕೊಳವೆಬಾವಿಗಳು ಬತ್ತಿ, ಕಾವೇರಿ ಕೊಳಾಯಿ ಇನ್ನೂ ತಲುಪದಿದ್ದ ಹೊರವಲಯದ ಬಡಾವಣೆಗಳು ಟ್ಯಾಂಕರನ್ನೇ ನಂಬಿ ದಿನ ದೂಡುತ್ತಿದ್ದಾಗ, 12,000 ಲೀಟರಿನ ಲೋಡಿನ ಬೆಲೆ ಕೆಲವೆಡೆ 2,000 ರೂಪಾಯಿಯನ್ನೂ ದಾಟಿತು. ಆಗ ಮಾರ್ಚ್ ತಿಂಗಳಲ್ಲಿ ಬೆಂಗಳೂರು ನಗರ ಜಿಲ್ಲಾಡಳಿತವು 200 ಖಾಸಗಿ ಟ್ಯಾಂಕರ್‌ಗಳಿಗೆ ನಾಲ್ಕು ತಿಂಗಳ ಮಟ್ಟಿಗೆ ದರ ನಿಗದಿ ಮಾಡಿತು. 5 ಕಿಲೋಮೀಟರ್ ಒಳಗಾದರೆ 6,000 ಲೀಟರಿಗೆ 600, 8,000 ಲೀಟರಿಗೆ 700, 12,000 ಲೀಟರಿಗೆ 1,000 ರೂಪಾಯಿ. 5ರಿಂದ 10 ಕಿಲೋಮೀಟರ್ ಆದರೆ ಅವೇ ಮೂರು ಅಳತೆಗಳಿಗೆ 750, 850 ಮತ್ತು 1,200 ರೂಪಾಯಿ.

ಹತ್ತಿರದ ದರವನ್ನು ಸಾವಿರ ಲೀಟರಿಗೆ ಇಳಿಸಿದರೆ ಚಿಕ್ಕ ಟ್ಯಾಂಕರಿನಲ್ಲಿ 100 ರೂಪಾಯಿ, ನಡುವಿನದರಲ್ಲಿ 87 ರೂಪಾಯಿ 50 ಪೈಸೆ, ದೊಡ್ಡದರಲ್ಲಿ ಸುಮಾರು 83 ರೂಪಾಯಿ ಬೀಳುತ್ತದೆ. ಅದೇ ವರ್ಷ ಜಲಮಂಡಳಿಯು ಮನೆಬಳಕೆಯ ಮೊದಲ 8,000 ಲೀಟರಿಗೆ ವಿಧಿಸುತ್ತಿದ್ದ ದರ ಸಾವಿರ ಲೀಟರಿಗೆ 7 ರೂಪಾಯಿ ಮಾತ್ರವಾಗಿತ್ತು. ಟ್ಯಾಂಕರಿಗೆ ಕೊಡುವ ಹಣದಲ್ಲಿ ನೀರಿನ ಪಾಲಿಗಿಂತ ಲಾರಿ, ಚಾಲಕ ಮತ್ತು ಡೀಸೆಲ್‌ನ ಪಾಲೇ ದೊಡ್ಡದು ಎಂಬುದಕ್ಕೆ ನಿಗದಿತ ದರದಲ್ಲೇ ಇನ್ನೊಂದು ಕುರುಹು ಸಿಗುತ್ತದೆ. 6,000 ಲೀಟರಿನಿಂದ 8,000ಕ್ಕೆ ಏರಿದಾಗ ಹೆಚ್ಚಿನ 2,000 ಲೀಟರಿಗೆ ಕೊಡಬೇಕಾದದ್ದು ಬರೀ 100 ರೂಪಾಯಿ, ಅಂದರೆ ಸಾವಿರಕ್ಕೆ 50. ಆದರೆ 8,000ದಿಂದ 12,000ಕ್ಕೆ ಏರಿದಾಗ ಹೆಚ್ಚಿನ ಪ್ರತಿ ಸಾವಿರಕ್ಕೂ 75 ರೂಪಾಯಿ ತಗಲುತ್ತದೆ. 12,000 ಲೀಟರ್ ಎಂದರೆ 12 ಟನ್ ಭಾರ, ಅದನ್ನು ಹೊರಲು ಬೇರೆಯೇ ದರ್ಜೆಯ ಲಾರಿ ಬೇಕು ಎಂಬುದನ್ನು ನೆನೆದರೆ ಈ ವ್ಯತ್ಯಾಸ ಅಸಹಜವೆನಿಸುವುದಿಲ್ಲ.

ದೊಡ್ಡ ಟ್ಯಾಂಕರೇ ಯಾವಾಗಲೂ ಅಗ್ಗ ಎಂಬ ತೀರ್ಮಾನಕ್ಕೆ ಮಾತ್ರ ಅವಸರದಿಂದ ಬರಬಾರದು. 3 ಮೀಟರ್ ಉದ್ದ, 2 ಮೀಟರ್ ಅಗಲ, 2 ಮೀಟರ್ ಆಳದ ಸಂಪು, ಅಂದರೆ ನೆಲದಡಿಯ ನೀರಿನ ತೊಟ್ಟಿ, ಇರುವ ಇಪ್ಪತ್ತು ಮನೆಗಳ ವಸತಿ ಸಮುಚ್ಚಯವೊಂದನ್ನು ಉದಾಹರಣೆಗೆ ತೆಗೆದುಕೊಳ್ಳಬಹುದು. ಮನೆಗೆ ನಾಲ್ವರಂತೆ, ತಲೆಗೆ 135 ಲೀಟರಿನಂತೆ ಲೆಕ್ಕ ಹಾಕಿದರೆ ಅಲ್ಲಿಗೆ ದಿನಕ್ಕೆ 10,800 ಲೀಟರ್ ಬೇಕು. ಒಂದು ದೊಡ್ಡ ಲೋಡ್ ಸಾಕಾಗುತ್ತದೆ, ಎರಡು ಚಿಕ್ಕ ಲೋಡುಗಳಿಗಿಂತ 200 ರೂಪಾಯಿ ಉಳಿಯುತ್ತದೆ. ಆದರೆ ಆ ಸಂಪು ಹಿಡಿಯುವುದೇ 12,000 ಲೀಟರ್ ಆದ್ದರಿಂದ ಅದು ಪೂರ್ತಿ ಬರಿದಾದ ಹೊತ್ತಿನಲ್ಲೇ ಲಾರಿ ಬರಬೇಕು. ತಳದಲ್ಲಿ ಮೂರನೇ ಒಂದು ಭಾಗ ನೀರು ಉಳಿದಿರುವಾಗ ಬಂದರೆ ಅದರಲ್ಲಿ ಹಿಡಿಸುವುದು 8,000 ಲೀಟರ್ ಮಾತ್ರ. ಉಳಿದ 4,000 ಲೀಟರನ್ನು ಲಾರಿ ವಾಪಸು ಒಯ್ದರೂ ಲೋಡಿನ ಪೂರ್ತಿ ಹಣವನ್ನು ಕೊಡಬೇಕಾಗುತ್ತದೆ. ಆಗ ಸಾವಿರ ಲೀಟರಿಗೆ 125 ರೂಪಾಯಿ ಬೀಳುತ್ತದೆ. ಅಷ್ಟೇ ನೀರನ್ನು 8,000 ಲೀಟರಿನ ಟ್ಯಾಂಕರಿನಲ್ಲಿ ತರಿಸಿಕೊಂಡಿದ್ದರೆ 700 ರೂಪಾಯಿಗೆ ಮುಗಿಯುತ್ತಿತ್ತು.

ದೂರದ ಲೆಕ್ಕ ನೋಡಲು ಸರಳ. 5 ಕಿಲೋಮೀಟರ್ ಗಡಿ ದಾಟಿದರೆ ಚಿಕ್ಕ ಮತ್ತು ನಡುವಿನ ಟ್ಯಾಂಕರಿಗೆ ತಲಾ 150, ದೊಡ್ಡದಕ್ಕೆ 200 ರೂಪಾಯಿ ಹೆಚ್ಚು. ಈ ಹೆಚ್ಚಳ ಸಾವಿರ ಲೀಟರಿಗೆ ಚಿಕ್ಕದರಲ್ಲಿ 25 ರೂಪಾಯಿಯಾದರೆ ದೊಡ್ಡದರಲ್ಲಿ 17ರ ಆಸುಪಾಸು. ಆದ್ದರಿಂದ ನೀರು ದೂರದಿಂದ ಬಂದಷ್ಟೂ ದೊಡ್ಡ ಟ್ಯಾಂಕರಿನ ಲಾಭ ಹೆಚ್ಚುತ್ತದೆ. ಇಲ್ಲಿ ದೂರವೆಂದರೆ ಲಾರಿ ನೀರು ತುಂಬಿಸಿಕೊಂಡ ಜಾಗದಿಂದ ಸಂಪಿನವರೆಗಿನ ದೂರವೆಂದು ತಿಳಿಯಬೇಕೇ ಹೊರತು ಮಾಲೀಕನ ಮನೆಯಿಂದ ಅಥವಾ ಲಾರಿ ನಿಲ್ಲುವ ಜಾಗದಿಂದ ಅಲ್ಲ. ದರದ ಜಗಳಗಳಲ್ಲಿ ಈ ಒಂದು ಅಂಶವನ್ನು ಮೊದಲೇ ಕೇಳಿ ತಿಳಿದುಕೊಳ್ಳದಿರುವುದು ದೊಡ್ಡ ತಪ್ಪು. ಏಕೆಂದರೆ ಮಳೆಗಾಲದಲ್ಲಿ 3 ಕಿಲೋಮೀಟರ್ ದೂರದ ಬೋರಿನಲ್ಲಿ ತುಂಬುತ್ತಿದ್ದ ಅದೇ ಲಾರಿ ಏಪ್ರಿಲ್‌ನಲ್ಲಿ 9 ಅಥವಾ 14 ಕಿಲೋಮೀಟರ್ ಆಚೆಗೆ ಹೋಗಬೇಕಾಗಬಹುದು. 10 ಕಿಲೋಮೀಟರ್ ಮೀರಿದ ದೂರಕ್ಕೆ ಆ ನಿಗದಿತ ದರಗಳಲ್ಲಿ ಅಂಕಣವೇ ಇರಲಿಲ್ಲ.

ಋತುವಿಗೂ ಅಲ್ಲಿ ಅಂಕಣವಿರಲಿಲ್ಲ, ಆದರೆ ಬೆಲೆಯನ್ನು ಅತಿ ಹೆಚ್ಚು ಅಲುಗಾಡಿಸುವುದು ಅದೇ. ಬೋರಿನಲ್ಲಿ ಎರಡು ಇಂಚು ನೀರಿದೆ, ಒಂದು ಇಂಚಿಗೆ ಇಳಿದಿದೆ ಎಂದು ಜನ ಹೇಳುವಾಗ ಆ ಇಂಚು ಕೊಳವೆಯ ಅಗಲವನ್ನು ಸೂಚಿಸುವುದಿಲ್ಲ. ಇಂಗ್ಲಿಷಿನ ವಿ ಅಕ್ಷರದಂತೆ ಕತ್ತರಿಸಿದ ತಗಡಿನ ಸೀಳಿನಲ್ಲಿ ನೀರು ಹರಿಯುವಾಗ ಸೀಳಿನ ತುದಿಯಿಂದ ನಿಲ್ಲುವ ನೀರಿನ ಎತ್ತರವನ್ನು ಸೂಚಿಸುತ್ತದೆ. ಎತ್ತರ ಇಳಿದಂತೆ ಸೀಳಿನ ಅಗಲವೂ ಕಿರಿದಾಗುವುದರಿಂದ ಇಂಚು ಅರ್ಧಕ್ಕಿಳಿದರೆ ನೀರು ಅರ್ಧಕ್ಕೆ ನಿಲ್ಲದೆ ಐದನೇ ಒಂದು ಭಾಗಕ್ಕಿಂತಲೂ ಕೆಳಗಿಳಿಯುತ್ತದೆ. ಲಂಬಕೋನದ ಸೀಳಿನಲ್ಲಿ ಎರಡು ಇಂಚು ಎಂದರೆ ಗಂಟೆಗೆ ಸುಮಾರು 2,900 ಲೀಟರ್, ಒಂದು ಇಂಚು ಎಂದರೆ ಸುಮಾರು 510 ಲೀಟರ್. ದಿನಕ್ಕೆ 20 ಗಂಟೆ ಮೋಟಾರು ಓಡಿಸಿದರೂ ಮೊದಲನೆಯದರಲ್ಲಿ 12,000 ಲೀಟರಿನ ಐದು ಲೋಡಿಗೆ ತುಸು ಕಡಿಮೆ ಸಿಕ್ಕರೆ, ಎರಡನೆಯದರಲ್ಲಿ ಒಂದು ಲೋಡೂ ತುಂಬುವುದಿಲ್ಲ.

ಇದರ ಪೆಟ್ಟು ಬೀಳುವುದು ಲಾರಿಯ ದಿನದ ಟ್ರಿಪ್ಪುಗಳ ಮೇಲೆ. ಸಾಲದ ಕಂತು, ಚಾಲಕ ಮತ್ತು ಕ್ಲೀನರ್ ಕೂಲಿ, ವಿಮೆ, ರಿಪೇರಿ ಎಲ್ಲ ಸೇರಿ ದಿನಕ್ಕೆ 4,000 ರೂಪಾಯಿ ಖರ್ಚಿದೆ ಎಂದು ಇಟ್ಟುಕೊಂಡರೆ, ಎಂಟು ಟ್ರಿಪ್ ಹೊಡೆದ ದಿನ ಒಂದೊಂದರ ತಲೆಗೆ 500 ರೂಪಾಯಿ ಬೀಳುತ್ತದೆ. ತುಂಬುವ ಜಾಗದಲ್ಲಿ ಸರದಿ ಕಾದು ನಾಲ್ಕೇ ಟ್ರಿಪ್ ಆದ ದಿನ ಅದು 1,000 ರೂಪಾಯಿಯಾಗಿ, ಡೀಸೆಲ್ ಹಾಕಿಸುವ ಮತ್ತು ಬೋರಿನವನಿಗೆ ಕೊಡುವ ಮೊದಲೇ ದೊಡ್ಡ ಟ್ಯಾಂಕರಿನ ನಿಗದಿತ ದರವೆಲ್ಲ ಖರ್ಚಾಗಿಬಿಡುತ್ತದೆ. ಅಭಾವವನ್ನೇ ಬಂಡವಾಳ ಮಾಡಿಕೊಂಡು ಜನರನ್ನು ಸುಲಿದವರು ಇದ್ದರೆಂಬುದು ನಿಜವಾದರೂ ಬೇಸಿಗೆಯ ಏರಿಕೆಯನ್ನೆಲ್ಲ ದುರಾಸೆಯ ಖಾತೆಗೆ ಬರೆದರೆ ಲೆಕ್ಕ ತಪ್ಪುತ್ತದೆ, ಮತ್ತು ಆ ತಪ್ಪು ಲೆಕ್ಕದ ಮೇಲೆ ಕಟ್ಟಿದ ದರ ಕಾಗದದಲ್ಲೇ ಉಳಿದು ಲಾರಿಗಳು ಹೆಚ್ಚು ಕೊಡುವವರ ಬಾಗಿಲಿಗೆ ತಿರುಗುತ್ತವೆ. ಬಡವರ ಬೀದಿಗಳು ಮೊದಲು ಒಣಗುವುದು ಹೀಗೆ. ತುಂಬುವ ಜಾಗದ ದೂರ ಮತ್ತು ಅಲ್ಲಿನ ಕಾಯುವ ಹೊತ್ತನ್ನು ತಿಂಗಳಿಗೊಮ್ಮೆ ಅಳೆದು ದರವನ್ನು ತಿದ್ದುವ ಕ್ರಮವಿದ್ದರೆ ನ್ಯಾಯವಾದ ಏರಿಕೆ ಯಾವುದು, ಸುಲಿಗೆ ಯಾವುದು ಎಂಬುದನ್ನು ಬೇರ್ಪಡಿಸಲು ಸಾಧ್ಯವಾಗುತ್ತದೆ.

ಕೊಳ್ಳುವವರ ಕೈಯಲ್ಲಿರುವ ಅಳತೆಗೋಲು ಸಂಪಿನೊಳಗೇ ಇದೆ. ಮೇಲೆ ಹೇಳಿದ 3 ಮೀಟರ್ ಉದ್ದ, 2 ಮೀಟರ್ ಅಗಲದ ಸಂಪಿನಲ್ಲಿ ನೀರು ಒಂದು ಸೆಂಟಿಮೀಟರ್ ಏರಿತೆಂದರೆ 60 ಲೀಟರ್ ಬಂದಂತೆ, ಆದ್ದರಿಂದ 8,000 ಲೀಟರಿನ ಲೋಡ್ ಇಳಿದಾಗ ಮಟ್ಟ ಸುಮಾರು 133 ಸೆಂಟಿಮೀಟರ್ ಏರಬೇಕು. ಅಳೆಯುವಾಗ ಮೇಲಿನ ಟ್ಯಾಂಕಿಗೆ ನೀರೆತ್ತುವ ಮೋಟಾರನ್ನು ನಿಲ್ಲಿಸಿ, ಸಂಪಿಗೆ ಬರುವ ಇತರ ಕೊಳವೆಗಳ ವಾಲ್ವನ್ನೂ ಮುಚ್ಚಿರಬೇಕು, ಗುರುತು ಹಾಕಿದ ಕೋಲನ್ನು ಎರಡು ಸಲವೂ ಒಂದೇ ಮೂಲೆಯಲ್ಲಿ ಇಳಿಬಿಡಬೇಕು. ಮಟ್ಟ 118 ಸೆಂಟಿಮೀಟರ್ ಮಾತ್ರ ಏರಿದ್ದರೆ ಬಂದದ್ದು 7,080 ಲೀಟರ್. 700 ರೂಪಾಯಿ ಕೊಟ್ಟವರಿಗೆ ಸಾವಿರ ಲೀಟರಿನ ನಿಜವಾದ ಬೆಲೆ ಸುಮಾರು 99 ರೂಪಾಯಿ, ಅಂದರೆ ಚಿಕ್ಕ ಟ್ಯಾಂಕರಿನ ದರಕ್ಕೆ ಸರಿಸಮ. ಗೇಟಿನ ಪುಸ್ತಕದಲ್ಲಿ ಲಾರಿಯ ನಂಬರಿನ ಪಕ್ಕದಲ್ಲೇ ಈ ಏರಿಕೆಯನ್ನೂ ನೀರು ತುಂಬಿದ ಊರನ್ನೂ ಬರೆದಿಡುವ ಸಮುಚ್ಚಯಕ್ಕೆ ಮುಂದಿನ ಮಾರ್ಚಿನಲ್ಲಿ ಚೌಕಾಸಿಗೆ ಕೂರುವಾಗ ವರ್ಷವಿಡೀ ತಾನು ಕೊಟ್ಟ ದರ ಎಷ್ಟೆಂಬುದು ಗೊತ್ತಿರುತ್ತದೆ.