ನಿಮಗಿದು ಗೊತ್ತೆ? ಬಿಸಿಗೆ ಪಳಗುವ ಯೀಸ್ಟ್

ಬನ್ನನ್ನು ಉಬ್ಬಿಸುವ ಯೀಸ್ಟ್ ಕೋಶಗಳನ್ನು ನೇರವಾಗಿ 50 ಡಿಗ್ರಿ ಬಿಸಿಗೆ ಒಡ್ಡಿದರೆ ಬಹುಪಾಲು ಸಾಯುತ್ತವೆ. ಮೊದಲು ಅರ್ಧ ಗಂಟೆ 37 ಡಿಗ್ರಿಯಲ್ಲಿಟ್ಟರೆ ಅವುಗಳಲ್ಲಿ ಹೆಚ್ಚು ಕೋಶಗಳು ಬದುಕುತ್ತವೆ. ಇದಕ್ಕೆ HSP104 ಎಂಬ ಜೀನ್ ಮುಖ್ಯವೆಂದು ಸಾಂಚೆಜ್ ಮತ್ತು ಲಿಂಡ್‌ಕ್ವಿಸ್ಟ್ 1990ರಲ್ಲಿ ತೋರಿಸಿದರು.

ಈ ಪ್ರಯೋಗವನ್ನು ಮತ್ತೆ ಮಾಡಹೊರಟ ವಿದ್ಯಾರ್ಥಿ ಯೋಜನಾ ಪ್ರಸ್ತಾವದಲ್ಲಿ ‘ಬಿಸಿ ತಡೆಯುವುದರಲ್ಲಿ ಈ ಜೀನಿಗೆ ಪಾತ್ರವಿದೆ’ ಎಂದಷ್ಟೇ ಬರೆದರೆ ಅದು ಊಹೆಯೇ ಅಲ್ಲ, ಏಕೆಂದರೆ ಯಾವ ಫಲಿತಾಂಶ ಬಂದರೂ ಅದು ಸುಳ್ಳಾಗದು. ‘ಜೀನ್ ತೆಗೆದ ಯೀಸ್ಟ್ ನೇರ ಬಿಸಿಗೆ ಮಾಮೂಲಿ ಯೀಸ್ಟಿನಷ್ಟೇ ಸಾಯುತ್ತದೆ, ಆದರೆ 37 ಡಿಗ್ರಿಯಲ್ಲಿ ಪಳಗಿಸಿದರೂ ಬಿಸಿ ತಡೆಯುವ ಶಕ್ತಿ ಗಳಿಸದು’ ಎಂದರೆ ತಪ್ಪೆಂದು ತೋರಿಸಲು ಅವಕಾಶವಿರುತ್ತದೆ.

ಉದ್ದೇಶಗಳು ಇದರಿಂದಲೇ ಹುಟ್ಟುತ್ತವೆ: ಜೀನನ್ನು ಅಳಿಸುವುದು, ಎರಡೂ ಬಗೆಯ ಯೀಸ್ಟನ್ನು ಪಳಗಿಸಿ ಮತ್ತು ಪಳಗಿಸದೆ ಬಿಸಿಗಿಟ್ಟು, ಅಗಾರ್ ತಟ್ಟೆಯ ಮೇಲೆ ಬೆಳೆದ ಕಾಲನಿಗಳನ್ನು ಎಣಿಸುವುದು. ಹಲವರು ಮರೆಯುವುದು ಮೂರನೆಯದನ್ನು, ಅಂದರೆ ಅದೇ ಜೀನನ್ನು ವಾಪಸು ಸೇರಿಸಿ ನೋಡುವುದನ್ನು. ಆಗಲೂ ಶಕ್ತಿ ಮರಳದಿದ್ದರೆ, ಅಳಿಸುವಾಗ ಬೇರೇನೋ ಕೆಟ್ಟಿರಬಹುದು. 1990ರ ಪ್ರಯೋಗದಲ್ಲಿ ಅದು ಮರಳಿತ್ತು.